ವಿಜ್ಞಾನ ಮೇಳದ ಉದ್ಘಾಟನೆಗೆ ಆಡಿದ ಮಾತು

ಎಲ್ರಿಗೂ ನಮಸ್ಕಾರ. ಹೆಡ್‌ಮಿಸ್ ಮೇಡಂ, ಟೀಚರ್‌ಗಳೇ, ನಾಪೋಕ್ಲು ಕಡೆಯಿಂದೆಲ್ಲ ಬಂದಿರೋ ಅಪ್ಪ ಅಮ್ಮಂದಿರೇ, ಮಕ್ಕಳೇ. ಭಾಷಣ ಬೇಡ, ಮಕ್ಕಳು ಚೀಟೀಲಿ ಬರೆದಿರೋ ಪ್ರಶ್ನೆಗೆ ಉತ್ತರ ಹೇಳಿ ಸಾಕು ಅಂದ್ರು ಮೇಡಂ, ನಂಗೂ ಅದೇ ಖುಷಿ. ಮೂರು ಚೀಟಿ ತೆಗ್ದಿದೀನಿ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ.

ಆರನೇ ಕ್ಲಾಸಿನ ಹುಡುಗಿ ಕೇಳಿದಾಳೆ, ಬಾವಲಿ ತಲೆಕೆಳಗಾಗಿ ನಿದ್ದೆ ಮಾಡುವಾಗ ಬೀಳಲ್ವಾ ಅಂತ. ಬೀಳಲ್ಲ ಪುಟ್ಟಾ. ಅದು ನೇತಾಡಿದ ತಕ್ಷಣ ಅದರ ಭಾರಕ್ಕೇ ಕಾಲಿನ ಸ್ನಾಯುರಜ್ಜು ಎಳೆದು ಬೆರಳು ಮಡಚ್ಕೊಂಡು ಲಾಕ್ ಆಗುತ್ತೆ, ಹಿಡ್ಕೊಳ್ಳೋಕೆ ಶಕ್ತಿ ಬೇಡ, ಬಿಡೋಕೇ ಶಕ್ತಿ ಬೇಕು. ಬಾವಲಿ ಕುರುಡು ಅಂತಾರಲ್ಲ, ಅದು ಸುಳ್ಳು. ಹುಳ ಹಿಡಿಯೋ ಚಿಕ್ಕ ಬಾವಲಿಗಳು ಕೂಗಿ ಪ್ರತಿಧ್ವನಿ ಕೇಳಿ ದಾರಿ ನೋಡ್ತವೆ, ಹಣ್ಣು ತಿನ್ನೋ ದೊಡ್ಡವು ಹೆಚ್ಚಾಗಿ ಕಣ್ಣು ಮೂಗನ್ನೇ ನಂಬ್ತವೆ. ತೋಟದಲ್ಲಿ ಮರದ ಕೆಳಗೆ ಸಿಪ್ಪೆ ಇಲ್ಲದ ಕಾಫಿ ಬೀಜ ಬಿದ್ದಿರೋದು ನೋಡಿರ್ತೀರಿ, ರಾತ್ರಿ ಹಣ್ಣು ಚೀಪಿ ಉಗುಳಿದ್ದು ಅವೇ ಇರಬಹುದು. ಆದ್ರೆ ಕಚ್ಚಿದ ಹಣ್ಣು ತಿನ್ಬೇಡಿ, ಬಿದ್ದಿರೋ ಬಾವಲಿ ಮುಟ್ಬೇಡಿ, ಇದನ್ನ ಮನೇಲೂ ಹೇಳಿ.

ಎರಡನೇದು ಸೋಲಾರ್. ಜುಲೈ ಮಳೇಲಿ ಪ್ಯಾನೆಲ್ ಸುಮ್ನೆ ಕೂತಿರುತ್ತಾ? ಇಲ್ಲ, ಅದಕ್ಕೆ ಬೇಕಿರೋದು ಬೆಳಕು, ಬಿಸಿ ಅಲ್ಲ. ಮೋಡದಲ್ಲಿ ಕರೆಂಟ್ ತುಂಬಾ ಕಮ್ಮಿ ಆಗುತ್ತೆ, ಪೂರ್ತಿ ನಿಲ್ಲಲ್ಲ, ಉರಿ ಬಿಸಿಲಲ್ಲಿ ಪ್ಯಾನೆಲ್ ಕಾದ್ರೂ ಸ್ವಲ್ಪ ಇಳಿಯುತ್ತೆ. ಆನೆಗೆ ಹಾಕಿರೋ ಸೋಲಾರ್ ಬೇಲಿಗೆ ಬ್ಯಾಟರಿ ಇರೋದು ಅದಕ್ಕೇ, ಆನೆ ಬರೋದು ರಾತ್ರಿ ತಾನೇ. ಎಂಟನೇ ಕ್ಲಾಸಿನವರ ಟೇಬಲ್ ಹತ್ರ ಮಲ್ಟಿಮೀಟರ್ ಇದೆ, ಪ್ಯಾನೆಲ್ ಮೇಲೆ ಒಂದೇ ಎಲೆ ಇಟ್ಟು ನೋಡಿ ಎಷ್ಟು ಇಳಿಯುತ್ತೆ ಅಂತ.

ಮೂರನೇದು ನಂಗೆ ಬಾಳ ಇಷ್ಟವಾದ್ದು, ಫೆಬ್ರವರಿಗೆ ನಾಲ್ಕು ವರ್ಷಕ್ಕೊಮ್ಮೆ 29 ಯಾಕೆ? ತಲಕಾವೇರಿ ತೀರ್ಥೋದ್ಭವ ನೆನಪಿಸ್ಕೊಳ್ಳಿ, ಅದು ಸೂರ್ಯ ತುಲಾ ರಾಶಿಗೆ ಬರೋ ಹೊತ್ತು. 2021ರಲ್ಲಿ ಅಕ್ಟೋಬರ್ 17 ಮಧ್ಯಾಹ್ನ ಒಂದರ ಸುಮಾರಿಗೆ, 2022ರಲ್ಲಿ ಸಂಜೆ ಏಳು ದಾಟಿ, 2023ರಲ್ಲಿ ನಡುರಾತ್ರಿ ಕಳೆದು ಒಂದು ಗಂಟೆ ಮೇಲೆ, ಅಂದ್ರೆ ತಾರೀಕು 18 ಆಗೋಯ್ತು. ಪ್ರತಿ ವರ್ಷ ಸುಮಾರು 6 ಗಂಟೆ ಮುಂದೆ! ಭೂಮಿ ಸೂರ್ಯನ ಸುತ್ತೋಕೆ 365 ದಿನದ ಮೇಲೆ ಅಷ್ಟು ಹೊತ್ತು ಜಾಸ್ತಿ ತಗೊಳ್ಳುತ್ತೆ, ಕ್ಯಾಲೆಂಡರ್ ಅದನ್ನ ಲೆಕ್ಕಕ್ಕೆ ಹಿಡಿಯಲ್ಲ. 2024ರ ಫೆಬ್ರವರಿಗೆ ಒಂದು ದಿನ ಸೇರಿಸಿದ್ರು, ತೀರ್ಥೋದ್ಭವ ಮತ್ತೆ 17ಕ್ಕೆ, ಬೆಳಗ್ಗೆ ಬಂತು. ಋತು ಪ್ರಕಾರ ಲೆಕ್ಕ ಹಾಕಿದ್ರೆ ಆ 6 ಗಂಟೆಗೆ ಸುಮಾರು 11 ನಿಮಿಷ ಕಮ್ಮಿ, ಅದಕ್ಕೇ 400 ವರ್ಷಕ್ಕೆ ಮೂರು ಲೀಪ್ ದಿನ ಬಿಡ್ತಾರೆ, 2000ಕ್ಕೆ ಇತ್ತು, 2100ಕ್ಕೆ ಇರಲ್ಲ.

ಉಳಿದ ಚೀಟಿ ಮೇಡಂ ಹತ್ರ ಇದೆ, ಮಧ್ಯಾಹ್ನ ಊಟ ಆದ್ಮೇಲೆ ಕೂತು ಮಾತಾಡೋಣ. ಮೇಳ ಶುರು, ಐದನೇ ಕ್ಲಾಸಿನವರು ಮೊದ್ಲು ಹೋಗಿ.