ಅಣ್ಣನ ಪ್ಯಾರಾದಿಂದ ಗೃಹಪ್ರವೇಶದ ಕಾರ್ಡ್

ಅಣ್ಣಾ, ಕಾರ್ಡ್ ಮ್ಯಾಟರ್ ರೆಡಿ. ನೀನು ಕಳ್ಸಿದ್ದನ್ನ ಮೇಲೇ ಇಟ್ಟಿದೀನಿ, ಎರಡೂ ಪಕ್ಕಪಕ್ಕ ಇಟ್ಕೊಂಡು ನೋಡು:

"ಫೆಬ್ರವರಿ 8 ಭಾನುವಾರ ಹೊಸ ಮನೆ ಗೃಹಪ್ರವೇಶ ಬೆಳಿಗ್ಗೆ 6ರಿಂದ 6.30 ಮಕರ ಲಗ್ನ, 7.30ಕ್ಕೆ ಗಣಹೋಮ ನವಗ್ರಹ ಹೋಮ, 10.30ಕ್ಕೆ ಸತ್ಯನಾರಾಯಣ ಪೂಜೆ, ಊಟ 12.30, ಹಿಂದಿನ ದಿನ ಸಂಜೆ 6.30ಕ್ಕೆ ವಾಸ್ತು ಹೋಮ ಅದು ಮನೆಯವ್ರಿಗೆ ಮಾತ್ರ, ಅಪ್ಪ ಅಮ್ಮನ ಹೆಸರು ಬರ್ಲಿ, ಗಿಫ್ಟ್ ಬೇಡ ಅಂತ ಹಾಕು, ಮನೆ ಹೆಸರು ನೆಮ್ಮದಿ, ಕೆರೆ ಏರಿ ರಸ್ತೆ 4ನೇ ಕ್ರಾಸ್ ಗಣಪತಿ ಗುಡಿ ಹಿಂದೆ"

ಕಾರ್ಡ್:

॥ ಶ್ರೀ ಗಣೇಶಾಯ ನಮಃ ॥

ಗೃಹಪ್ರವೇಶದ ಆಹ್ವಾನ

ನಮ್ಮ ನೂತನ ಗೃಹ
"ನೆಮ್ಮದಿ"ಯ ಪ್ರವೇಶಕ್ಕೆ
ತಾವು ಸಕುಟುಂಬ ಸಮೇತರಾಗಿ ಆಗಮಿಸಿ
ಆಶೀರ್ವದಿಸಬೇಕಾಗಿ ಕೋರುತ್ತೇವೆ.

08-02-2026, ಭಾನುವಾರ
ಶ್ರೀ ವಿಶ್ವಾವಸು ನಾಮ ಸಂವತ್ಸರ, ಮಾಘ ಮಾಸ, ಕೃಷ್ಣ ಪಕ್ಷ

ಗೃಹಪ್ರವೇಶ: ಬೆಳಿಗ್ಗೆ 6.00ರಿಂದ 6.30, ಮಕರ ಲಗ್ನ

ಬೆಳಿಗ್ಗೆ 7.30 : ಗಣಹೋಮ, ನವಗ್ರಹ ಹೋಮ
ಬೆಳಿಗ್ಗೆ 10.30 : ಶ್ರೀ ಸತ್ಯನಾರಾಯಣ ಪೂಜೆ
ಮಧ್ಯಾಹ್ನ 12.30 : ಭೋಜನ

ಸ್ಥಳ
"ನೆಮ್ಮದಿ", 4ನೇ ಕ್ರಾಸ್, ಕೆರೆ ಏರಿ ರಸ್ತೆ
(ಗಣಪತಿ ದೇವಸ್ಥಾನದ ಹಿಂಭಾಗ)

ತಮ್ಮ ಸುಖಾಗಮನ ಬಯಸುವ
ಶ್ರೀಮತಿ ಸರೋಜಮ್ಮ ಮತ್ತು ಶ್ರೀ ನಾರಾಯಣಪ್ಪ
ಶ್ರೀಮತಿ ಸವಿತಾ ಮತ್ತು ಶ್ರೀ ರಮೇಶ್
ಹಾಗೂ ಬಂಧು ಮಿತ್ರರು

ಆಶೀರ್ವಾದವೇ ಉಡುಗೊರೆ

ಲಗ್ನದ ಸಮಯ ಪಟ್ಟಿ ಒಳಗೆ ಹೂತು ಹೋಗ್ಬಾರ್ದು ಅಂತ ಅದನ್ನ ಬೇರೆ ಸಾಲಲ್ಲಿ ಹಾಕಿದೀನಿ, ಯಾಕಂದ್ರೆ ಒಳಗೆ ಹೋಗೋ ಹೊತ್ತಿಗೆ ಇರ್ಬೇಕಾದ ಹತ್ತಿರದವ್ರು 7.30ನ್ನೇ ಮೊದಲ ಕಾರ್ಯಕ್ರಮ ಅನ್ಕೊಂಡು ಬಂದ್ರೆ ಆಮೇಲೆ ನಮಗೇ ಬೇಜಾರು. ಶನಿವಾರದ ವಾಸ್ತು ಹೋಮ ಕಾರ್ಡಲ್ಲಿ ಬೇಡ್ವೇ ಬೇಡ, ಎರಡು ತಾರೀಖು ಕಂಡ್ರೆ ಕೆಲವ್ರು ಹಿಂದಿನ ದಿನಾನೇ ಬಂದ್ಬಿಡ್ತಾರೆ, ಅತ್ತೆ ಮಾವ ಚಿಕ್ಕಪ್ಪ ಎಲ್ರಿಗೂ ನಾನೇ ಫೋನ್ ಮಾಡಿ ಹೇಳ್ತೀನಿ. ಸಂವತ್ಸರದ ಸಾಲು ನಾನು ಸೇರಿಸಿದ್ದು, ತಿಥಿ ಬೇಕಂದ್ರೆ ಪುರೋಹಿತರ ಬಾಯಲ್ಲೇ ಕೇಳಿ ಹೇಳು, ಹಾಕ್ತೀನಿ. ಅಪ್ಪ ಅಮ್ಮನ ಹೆಸರು ನಿಮ್ಮಿಬ್ರಿಗಿಂತ ಮೇಲೆ ಇದೆ, ಅದು ಹಾಗೇ ಇರ್ಲಿ.

ಒಂದು ಮಾತ್ರ ಪ್ರೆಸ್ಸಿನವ್ರಿಗೆ ನೀನೇ ಖುದ್ದಾಗಿ ಹೇಳ್ಬೇಕು. "ಗೃಹ" ಅಂದ್ರೆ ಮನೆ, "ಗ್ರಹ" ಅಂದ್ರೆ ಸೂರ್ಯ ಚಂದ್ರ ಶನಿ, ನಮ್ಮ ಕಾರ್ಡಲ್ಲಿ ಎರಡೂ ಪದ ಇದಾವೆ, ಗೃಹಪ್ರವೇಶದಲ್ಲಿ ಕೆಳಗೆ ಸುತ್ತು ಬರ್ಬೇಕು, ನವಗ್ರಹದಲ್ಲಿ ರ ಒತ್ತು ಬರ್ಬೇಕು. ಎಷ್ಟೋ ಕಾರ್ಡಲ್ಲಿ ದೊಡ್ಡದಾಗಿ "ಗ್ರಹಪ್ರವೇಶ" ಅಂತ ಪ್ರಿಂಟಾಗಿರೋದು ನೋಡಿದೀನಿ, ಮನೆ ಕಟ್ಟೋಕೆ ನೀನು ಪಟ್ಟ ಕಷ್ಟ ನೋಡಿದ ಮೇಲೆ ನಿನ್ನ ಕಾರ್ಡಲ್ಲಿ ಹಾಗಾಗೋದು ನನಗೆ ಇಷ್ಟ ಇಲ್ಲ. ಅವ್ರು ಯೂನಿಕೋಡಿಂದ ನುಡಿ ಫಾಂಟಿಗೆ ಬದಲಾಯಿಸುವಾಗ ಒತ್ತಕ್ಷರ ಆಚೀಚೆ ಆಗೋದುಂಟು, ಹಾಗಾಗಿ ಪ್ರೂಫ್ ಫೋಟೋ ತೆಗೆದು ನಂಗೆ ಕಳ್ಸು, ನಾನು ಓಕೆ ಅನ್ನೋವರೆಗೂ ಪ್ರಿಂಟಿಗೆ ಬಿಡ್ಬೇಡ.