ಒಂಬತ್ತನೇ ತರಗತಿ ಗಣಿತ: ಕೊನೆಯ ಅಂಕದ ಲೆಕ್ಕ

ಸೇಡಂ, ಕಲಬುರಗಿ ಜಿಲ್ಲೆ

ಪ್ರಿಯ ಪಾಲಕರೇ, ನಮಸ್ಕಾರ.

ಮಕ್ಕಳ ಗಣಿತದ ಅಂಕ ಹೇಗೆ ಬಂತು ಅಂತ ಹಲವರು ಕೇಳಿದ್ದೀರಿ. ಒಟ್ಟು 100 ಅಂಕ. ವಾರ್ಷಿಕ ಪರೀಕ್ಷೆಗೆ 70, ಕಿರುಪರೀಕ್ಷೆಗಳಿಗೆ 20, ನೋಟ್‌ಬುಕ್ ಮತ್ತು ಪ್ರಾಜೆಕ್ಟ್‌ಗೆ 10.

ಗೊಂದಲ ಇರುವುದು ಕಿರುಪರೀಕ್ಷೆಯಲ್ಲೇ. ತಲಾ 20 ಅಂಕದ ನಾಲ್ಕು ಪರೀಕ್ಷೆ ಮಾಡಿದ್ದೇವೆ. ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಬಿಟ್ಟು, ಉಳಿದ ಮೂರರ ಸರಾಸರಿ ತೆಗೆದುಕೊಳ್ಳುತ್ತೇವೆ. ಒಬ್ಬ ಹುಡುಗನಿಗೆ 13, 17, 6, 18 ಬಂದಿದೆ ಅನ್ನಿ. ಆ 6 ಬಿಟ್ಟರೆ ಉಳಿದದ್ದು 48, ಮೂರರಿಂದ ಭಾಗಿಸಿದರೆ 16. ಅದನ್ನೂ ಸೇರಿಸಿದ್ದರೆ ಬರೀ 13.5 ಆಗುತ್ತಿತ್ತು! ಪ್ರಾಜೆಕ್ಟ್‌ಗೆ 8, ವಾರ್ಷಿಕ ಪರೀಕ್ಷೆಗೆ 52 ಬಂದರೆ ಅವನ ಒಟ್ಟು ಅಂಕ 76.

ಜ್ವರ ಬಂದೋ, ಮನಸ್ಸು ಸರಿಯಿಲ್ಲದೆಯೋ ಒಂದು ಪರೀಕ್ಷೆ ಕೆಡಬಹುದು, ಅಲ್ವಾ? ಅದಕ್ಕೇ ಈ ಪದ್ಧತಿ.

ಗೈರಾದರೆ ಸೊನ್ನೆ. ತೊಗರಿ ರಾಶಿ ಅಂತ ಒಂದು ತಪ್ಪಿಸಿದವರಿಗೆ ಆ ಸೊನ್ನೆಯೇ ಬಿಟ್ಟುಹೋಗುತ್ತದೆ. ಎರಡು ತಪ್ಪಿಸಿದ್ದರೆ ಒಂದು ಸೊನ್ನೆ ಲೆಕ್ಕಕ್ಕೆ ಬಂದೇ ಬರುತ್ತದೆ. ವಾರ್ಷಿಕ ಪರೀಕ್ಷೆಗೆ, ಪ್ರಾಜೆಕ್ಟ್‌ಗೆ ಈ ರಿಯಾಯಿತಿ ಇಲ್ಲ.

ಉತ್ತರ ಪತ್ರಿಕೆ ನೋಡಬೇಕೆಂದರೆ ಶನಿವಾರ ಶಾಲೆ ಬಿಟ್ಟ ಮೇಲೆ ಬನ್ನಿ. ಮಗುವನ್ನೂ ಕರೆತನ್ನಿ.

ಇಂತಿ,
ಗಣಿತ ಶಿಕ್ಷಕಿ, 9ನೇ ತರಗತಿ ‘ಬಿ’ ವಿಭಾಗ