ಗರಗರ

ಗುಬ್ಬಿಯಿಂದ ಬಂದ ಹುಡುಗಿ ರೇಡಿಯೊವನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದಿದ್ದಳು. "ಬರೀ ಗರಗರ ಅಂತದೆ ತಾತ. ಇಬ್ಬರು ನೋಡಿದ್ರು. ವಾಲ್ವ್ ಹೋಗಿದೆ ಅಂತ ಎರಡು ಸಲ ಬದಲಾಯಿಸಿದ್ರು."

ತುಮಕೂರು ಬಸ್ ಸ್ಟ್ಯಾಂಡ್ ಹಿಂದಿನ ಆ ಅಂಗಡಿಯಲ್ಲಿ ತಾತನಿಗೆ ನಲವತ್ತು ವರ್ಷ ಕಳೆದಿತ್ತು. ಸೆಟ್ ಹಾಕಿದರು. ಐದು ನಿಮಿಷ ಸುಮ್ನೆ ಕೇಳಿದರು. ಬಿಸಿಯಾದಷ್ಟೂ ದನಿ ಒಡೆಯುತ್ತಿತ್ತು. ವಾಲ್ಯೂಮ್ ಪೂರ್ತಿ ಇಳಿಸಿದರೂ ಗರಗರ ನಿಲ್ಲಲಿಲ್ಲ. ಅಂದರೆ ತೊಂದರೆ ವಾಲ್ಯೂಮ್ ಕಂಟ್ರೋಲ್‌ನಿಂದ ಆಚೆ.

ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡರು. ಹೈ ವೋಲ್ಟೇಜ್ ಇರುವಲ್ಲಿ ಅದು ಅವರ ಹಳೇ ಅಭ್ಯಾಸ. ಮೀಟರ್ ಕಡ್ಡಿಯನ್ನು ಇಎಲ್84 ವಾಲ್ವಿನ ಎರಡನೇ ಪಿನ್‌ಗೆ ಮುಟ್ಟಿಸಿದರು. ಸೊನ್ನೆ ಇರಬೇಕಾದ ಆ ಗ್ರಿಡ್ ಪಿನ್‌ನಲ್ಲಿ 9 ವೋಲ್ಟ್!

"ನೋಡಮ್ಮ, ವಾಲ್ವ್ ಪಾಪ ಏನೂ ಮಾಡಿಲ್ಲ. ಈ ಕೆಪಾಸಿಟರ್ ಹಾಡನ್ನಷ್ಟೇ ದಾಟಿಸಬೇಕು, ಡಿಸಿ ಕರೆಂಟನ್ನು ತಡೀಬೇಕು. ಇದು ಸೋರ್ತಾ ಇದೆ. ಅದಕ್ಕೇ ವಾಲ್ವ್ ಜಾಸ್ತಿ ಕರೆಂಟ್ ಎಳೆದು ಸುಡ್ತಿತ್ತು."

ಸೆಟ್ ಆರಿಸಿ, ಒಳಗೆ ಉಳಿದ ಚಾರ್ಜ್ ಇಳಿಸಿ, ಹಳೆಯದನ್ನು ಬಿಚ್ಚಿದರು. ಬೆರಳುದ್ದ, ಮೇಣ ಕರಗಿ ಧೂಳು ಹಿಡಿದಿತ್ತು. ಅದರ ಜಾಗಕ್ಕೆ 0.01 ಮೈಕ್ರೋಫ್ಯಾರಡ್, 630 ವೋಲ್ಟಿನ ಹೊಸದು. ಬೆಸುಗೆಯ ಹೊಗೆ ಕನ್ನಡಕದ ಮೇಲೆ ಹಾಯಿತು.

ಮೀಟರ್ ಮುಳ್ಳು ಈಗ ಅಲುಗಲಿಲ್ಲ.

ಬೆಂಗಳೂರು ಸ್ಟೇಷನ್ ಬಂತು. ಯಾರೋ ವೀಣೆ ನುಡಿಸುತ್ತಿದ್ದರು. ಹುಡುಗಿ ಫೋನ್ ತೆಗೆದು ಸ್ಪೀಕರ್ ಬಟ್ಟೆಗೆ ಹತ್ತಿರ ಹಿಡಿದಳು.

"ಅಜ್ಜಿ, ಕೇಳಿಸ್ತಾ?"